ಜೇಡಮ್ಮನ ಕಾಲುಚೀಲ

ಕಾಲು ಎಣಿಸುವ ಹಾಳೆ ಚೀಲದಲ್ಲೇ ಇರಲಿ, ಪುಟ್ಟೀ. ನೀನು ಕಣ್ಣು ಮುಚ್ಚಿ ಕೇಳು. ಆ ಹಾಳೆಯಲ್ಲಿ ಏಳು ಚಿತ್ರಗಳಿವೆಯಲ್ಲ, ಇವತ್ತು ರಾತ್ರಿ ಅವಕ್ಕೆಲ್ಲ ತುಂಬಾ ಚಳಿ.

ಗೋಡೆಯ ಮೂಲೆಯಲ್ಲಿ ಜೇಡಮ್ಮ ಇದ್ದಳು. ನೂಲಿಗೆ ಅವಳಲ್ಲಿ ಬರವೇ? "ಚಳಿಯಾದವರೆಲ್ಲ ಬನ್ನಿ, ಕಾಲುಚೀಲ ಹೆಣೆದು ಕೊಡುತ್ತೇನೆ" ಎಂದು ಕೂಗಿದಳು.

ಗುಬ್ಬಿ ಪುರ್ರೆಂದು ಹಾರಿ ಬಂತು. ಒಂದು, ಎರಡು. ಎರಡು ಕಾಲುಚೀಲ ಹಾಕಿಕೊಂಡು ಹೋಯಿತು. ಮೊಲ ಕುಪ್ಪಳಿಸುತ್ತಾ ಬಂತು. ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು.

ಬಸವನಹುಳು ಬರುವಷ್ಟರಲ್ಲಿ ಚಂದ್ರನೇ ಮರದ ಆಚೆ ಹೋಗಿದ್ದ. "ನಿನ್ನ ಕಾಲೆಲ್ಲಿ?" ಎಂದಳು ಜೇಡಮ್ಮ. "ಹೊಟ್ಟೆಯ ಕೆಳಗೆ ಅಗಲವಾಗಿ ಅಂಟಿಕೊಂಡಿದೆಯಲ್ಲ, ಅದೇ. ಇರುವುದು ಒಂದೇ." ಅದಕ್ಕೆ ದೋಣಿಯಷ್ಟು ಅಗಲದ ಒಂದೇ ಒಂದು ಕಾಲುಚೀಲ.

ಎರೆಹುಳು ಮಾತ್ರ ಸುಮ್ಮನೆ ನಿಂತಿತ್ತು. ನಿಂತಿತ್ತೋ ಮಲಗಿತ್ತೋ, ಎರೆಹುಳುವಿನ ವಿಷಯದಲ್ಲಿ ಹೇಳುವುದು ಕಷ್ಟ. "ನನಗೆ ಕಾಲೇ ಇಲ್ಲ" ಎಂದು ಮೂಗೆಳೆಯಿತು. ಮೂಗೂ ಇಲ್ಲ, ಪಾಪ. "ಕಾಲು ಸೊನ್ನೆ, ಕಾಲುಚೀಲವೂ ಸೊನ್ನೆ. ಅಳಬೇಡ, ನಿನಗೆ ಉದ್ದನೆಯ ಕಂಬಳಿ" ಎಂದಳು ಜೇಡಮ್ಮ. ಎರೆಹುಳುವಿನ ಚೌಕವನ್ನು ಖಾಲಿ ಬಿಡಬೇಡ ಪುಟ್ಟೀ, ದುಂಡಗೆ ಒಂದು ಸೊನ್ನೆ ಬರೆ.

ಅಷ್ಟರಲ್ಲಿ ಟಕ್, ಟಕ್, ಟಕ್. ಅಡುಗೆಮನೆಯ ಮುಕ್ಕಾಲಿ! ಅದರ ಕಾಲು ಎಣಿಸುವುದೇ ಬೇಡ, ಹೆಸರಿನಲ್ಲೇ ಇದೆ. ಮೂರು ಕಾಲಿದ್ದರೆ ತಾನೆ ಮುಕ್ಕಾಲಿ?

ಇರುವೆ ಬಂದಾಗ ಜೇಡಮ್ಮನಿಗೆ ತೂಕಡಿಕೆ. ತನ್ನಂತೆಯೇ ಇರಬೇಕೆಂದು ಎಂಟು ಕಾಲುಚೀಲ ಕೊಟ್ಟುಬಿಟ್ಟಳು. ಇರುವೆ ಈ ಕಡೆ ಮೂರು ಹಾಕಿಕೊಂಡಿತು, ಆ ಕಡೆ ಮೂರು ಹಾಕಿಕೊಂಡಿತು. ಎರಡು ಉಳಿದವು! ಬೇರೆಯವರಾಗಿದ್ದರೆ ಸುಮ್ಮನೆ ಮನೆಗೆ ಒಯ್ಯುತ್ತಿದ್ದರು. ಇರುವೆ ಮಾತ್ರ, "ಜೇಡಮ್ಮಾ, ನನಗೆ ಆರೇ ಕಾಲು. ಎಂಟು ಇರುವುದು ನಿನಗೆ" ಎಂದು ಎರಡನ್ನೂ ಮಡಚಿ ಅವಳ ಪಕ್ಕದಲ್ಲಿಟ್ಟಿತು.

"ಅಯ್ಯೋ, ನನಗೇ ಹೆಣೆದುಕೊಂಡಿಲ್ಲ!" ಎಂದಳು ಜೇಡಮ್ಮ. ಇರುವೆ ಮರಳಿಸಿದ ಎರಡನ್ನು ಹಾಕಿಕೊಂಡಳು. ಒಂದು... ಎರಡು... ಮತ್ತೆ ಹೆಣೆಯತೊಡಗಿದಳು. ಮೂರು... ನಾಲ್ಕು... ಈ ಕಡೆಯದು ಮುಗಿಯಿತು. ಐದು... ಆರು... ನೂಲು ನಿಧಾನವಾಯಿತು. ಏಳು...

ಎಂಟನೆಯ ಕಾಲುಚೀಲ ಅರ್ಧಕ್ಕೇ ನಿಂತಿತು. ಜೇಡಮ್ಮ ಎಂಟನೆಯ ಕಾಲನ್ನು ಹೊಟ್ಟೆಯ ಕೆಳಗೆ ಬೆಚ್ಚಗೆ ಮಡಚಿಕೊಂಡು ನಿದ್ದೆಹೋದಳು.

ನಿನ್ನ ಕಾಲುಗಳೆಲ್ಲಿ? ಎರಡೂ ಹೊದಿಕೆಯ ಒಳಗಿವೆಯೇ?