ಪ್ರಾಜೆಕ್ಟ್ ವರದಿ ಸಲ್ಲಿಸಲು ಮೂರು ವಾರ ಹೆಚ್ಚು ಸಮಯ ಕೋರಿ

ನೀರ್ಚಾಲು, ಕಾಸರಗೋಡು ಜಿಲ್ಲೆ
3 ಮಾರ್ಚ್ 2025

ಇವರಿಗೆ,
ಪ್ರಾಜೆಕ್ಟ್ ಗೈಡ್,
ಸ್ನಾತಕೋತ್ತರ ವಾಣಿಜ್ಯ ವಿಭಾಗ

ವಿಷಯ: ಎಂ.ಕಾಂ. ಪ್ರಾಜೆಕ್ಟ್ ವರದಿ ಸಲ್ಲಿಸುವ ಕೊನೆಯ ದಿನವನ್ನು ಮಾರ್ಚ್ 14ರಿಂದ ಏಪ್ರಿಲ್ 4ಕ್ಕೆ ಮುಂದೂಡುವ ಬಗ್ಗೆ

ಗೌರವಾನ್ವಿತ ಮೇಡಂ,

ನಮಸ್ಕಾರ. "ಅಡಿಕೆ ಬೆಳೆಗಾರರು ಮಾರುವ ಜಾಗವನ್ನು ಹೇಗೆ ಆರಿಸುತ್ತಾರೆ: ಬದಿಯಡ್ಕ, ಎಣ್ಮಕಜೆ ಪಂಚಾಯತುಗಳ ಅಧ್ಯಯನ" ಎಂಬ ನನ್ನ ವರದಿಗೆ ಇನ್ನು ಮೂರು ವಾರ ಸಮಯ ಬೇಕಾಗಿದೆ. ಮೊದಲ ಮೂರು ಅಧ್ಯಾಯಗಳು ತಮ್ಮ ಕೈಯಲ್ಲಿವೆ. ಉಳಿದದ್ದು ಮಾಹಿತಿಯ ವಿಶ್ಲೇಷಣೆ. ಅದನ್ನು ಈಗ ಬರೆದರೆ ತಪ್ಪು ಉತ್ತರ ಬರುತ್ತದೆ ಎಂಬ ಕಾರಣಕ್ಕೇ ಈ ಪತ್ರ.

ಒಂದು ಎಕರೆಗಿಂತ ಜಾಸ್ತಿ ತೋಟ ಇರುವವರು 60, ಅದಕ್ಕಿಂತ ಕಡಿಮೆ ಇರುವವರು 60, ಹೀಗೆ 120 ಜನರನ್ನು ಮಾತಾಡಿಸುವುದು ಎಂದು ತಾವೇ ಒಪ್ಪಿಗೆ ಕೊಟ್ಟಿದ್ದೀರಿ. ದೊಡ್ಡ ತೋಟದವರಲ್ಲಿ 58 ಜನ ಸಿಕ್ಕಿದ್ದಾರೆ. ಸಣ್ಣವರು ಸಿಕ್ಕಿದ್ದು 17 ಮಾತ್ರ. ಕಾರಣ ಕೊಯ್ಲು. ಸಣ್ಣ ತೋಟದವರಲ್ಲಿ ಹೆಚ್ಚಿನವರು ಈ ದಿನಗಳಲ್ಲಿ ಬೇರೆಯವರ ತೋಟಕ್ಕೆ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಹೊರಟರೆ ಬರುವುದು ಕತ್ತಲಾದ ಮೇಲೆ. ಆಗ ದಣಿದು ಬಂದವರನ್ನು ಕೂರಿಸಿ ನಾಲ್ಕು ಪುಟದ ಪ್ರಶ್ನಾವಳಿ ಓದುವುದು ಸರಿಯಲ್ಲ. ಕೆಲವರಿಗೆ ಪ್ರಶ್ನೆಗಳನ್ನು ತುಳುವಿನಲ್ಲಿ, ಕೆಲವರಿಗೆ ಮಲಯಾಳದಲ್ಲಿ ಬಿಡಿಸಿ ಹೇಳಬೇಕು, ಹಾಗಾಗಿ ಅವಸರ ಮಾಡಿ ಮುಗಿಸಲೂ ಆಗುವುದಿಲ್ಲ.

ಇನ್ನೊಂದು ವಿಷಯವಿದೆ. ದೊಡ್ಡ ತೋಟದವರಲ್ಲಿ ಹಳೆ ಚಾಲಿ ದಾಸ್ತಾನು ಇರುತ್ತದೆ, ರೇಟು ನೋಡಿ ಯಾವಾಗ ಬೇಕಾದರೂ ಮಾರುತ್ತಾರೆ. ಸಣ್ಣವರದ್ದು ಹಾಗಲ್ಲ. ಅಂಗಳದಲ್ಲಿ ಹರವಿದ ಅಡಿಕೆ ಒಣಗಲಿಕ್ಕೆ ಸುಮಾರು 40 ದಿನ ಬಿಸಿಲು ಬೇಕು. ಫೆಬ್ರವರಿ ಮೊದಲಿಗೆ ಕೊಯ್ದದ್ದು ಸುಲಿದು ಮಾರಾಟಕ್ಕೆ ಬರುವುದು ಮಾರ್ಚ್ ಮಧ್ಯದ ಹೊತ್ತಿಗೆ. ಅವರು ಮಾರುವ ಹೊತ್ತಿಗೇ ಕೇಳಿದರೆ ಕೈಗೆ ಬಂದ ರೇಟು, ಕಳೆದ ತೂಕ, ಬಾಕಿ ಎಲ್ಲ ಸರಿಯಾಗಿ ಹೇಳುತ್ತಾರೆ.

ಬದಿಯಡ್ಕದ ಒಂದು ಅಡಿಕೆ ಅಂಗಡಿಯಲ್ಲಿ ಕುಳಿತು ನೋಡಿದ್ದನ್ನು ತಮಗೆ ಹೇಳಲೇಬೇಕು. ವ್ಯಾಪಾರಿ ಗೋಣಿಯ ತಳಕ್ಕೆ ಕೈ ಹಾಕಿ ನಾಲ್ಕೈದು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡಿದರು. ಪಟೋರ ಬೇರೆ, ಕರಿಗೋಟು ಬೇರೆ ಎಂದು ವಿಂಗಡಿಸಿ ರೇಟು ಹೇಳಿದರು. ಅರ್ಧ ಗೋಣಿ ತಂದಿದ್ದ ಅಮ್ಮ ಒಬ್ಬರು ರೇಟು ಕೇಳಲೇ ಇಲ್ಲ. ಹಣವನ್ನು ಅಲ್ಲೇ ಹಳೆ ಬಾಕಿಗೆ ವಜಾ ಮಾಡಿಸಿ, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡರು. "ಸೊಸೈಟಿಯಲ್ಲಿ ಎರಡು ರೂಪಾಯಿ ಜಾಸ್ತಿ ಸಿಕ್ಕೀತು ಮಗಾ, ಆದರೆ ಮಳೆಗಾಲದಲ್ಲಿ ಸಾಲ ಕೊಡುವವರು ಇವರೇ ಅಲ್ವಾ" ಎಂದರು.

ನನ್ನ ಪ್ರಶ್ನಾವಳಿಯಲ್ಲಿ ಮಾರುವ ಜಾಗ ಆರಿಸಲು ನಾಲ್ಕು ಕಾರಣ ಕೊಟ್ಟಿದ್ದೇನೆ: ರೇಟು, ದೂರ, ಕೂಡಲೇ ನಗದು, ಸಾಲದ ಸಂಬಂಧ. ದೊಡ್ಡವರಲ್ಲಿ ಹೆಚ್ಚಿನವರು ರೇಟು ಎಂದಿದ್ದಾರೆ. ಸಿಕ್ಕಿದ ಸಣ್ಣವರಲ್ಲಿ ಹೆಚ್ಚಿನವರದ್ದು ಸಾಲ. ಈಗಿನ ಲೆಕ್ಕದಲ್ಲಿ ಎಲ್ಲರನ್ನೂ ಸೇರಿಸಿದರೆ "ರೇಟೇ ಮುಖ್ಯ ಕಾರಣ" ಎಂದು ಬರುತ್ತದೆ. ಅದು ಈ ಊರಿನ ನಿಜವಲ್ಲ. ಕೈ ಸ್ಕ್ವೇರ್ ಟೆಸ್ಟ್ ಹಾಕಿ ನೋಡಿದೆ, 17 ಜನ ನಾಲ್ಕು ಕಾರಣಗಳಿಗೆ ಹಂಚಿಹೋಗುವುದರಿಂದ ನಿರೀಕ್ಷಿತ ಸಂಖ್ಯೆ ಕೆಲವು ಕಡೆ 5ಕ್ಕಿಂತ ಕೆಳಗೆ ಬರುತ್ತದೆ. ಆ ಫಲಿತಾಂಶವನ್ನು ನಂಬುವ ಹಾಗಿಲ್ಲ. ಸಹಕಾರಿ ಕ್ಷೇತ್ರದಲ್ಲಿ ಕ್ಯಾಂಪ್ಕೊ 1973ರಿಂದ ಅಡಿಕೆ ಖರೀದಿಸುತ್ತಾ ಬಂದಿದೆ. ಆದರೂ ಇಷ್ಟು ಜನ ಖಾಸಗಿ ಅಂಗಡಿಗೇ ಯಾಕೆ ಹೋಗುತ್ತಾರೆ ಎನ್ನುವುದಕ್ಕೆ ಉತ್ತರ ಇವರ ಹತ್ತಿರವೇ ಇದೆ. ಇವರನ್ನು ಬಿಟ್ಟು ವರದಿ ಬರೆಯಲು ನನಗೆ ಮನಸ್ಸಿಲ್ಲ.

ಮಾರ್ಚ್ 24ರ ಒಳಗೆ ಉಳಿದವರನ್ನು ಮಾತಾಡಿಸಿ ಮುಗಿಸುತ್ತೇನೆ. ಪೆರ್ಲದ ಕಡೆಯ ಬೆಳೆಗಾರರಿಗೆ ಭಾನುವಾರಗಳಲ್ಲಿ ಬರುತ್ತೇನೆಂದು ಹೇಳಿಟ್ಟಿದ್ದೇನೆ, ಅಂಗಡಿಯವರೂ ಅಲ್ಲಿ ಕುಳಿತು ಕೇಳಲು ಒಪ್ಪಿದ್ದಾರೆ. 29ಕ್ಕೆ ನಾಲ್ಕನೇ ಅಧ್ಯಾಯ ತಮಗೆ ತೋರಿಸುತ್ತೇನೆ. ತಿದ್ದುಪಡಿ, ಬೈಂಡಿಂಗ್ ಎಲ್ಲ ಮುಗಿಸಿ ಏಪ್ರಿಲ್ 4ಕ್ಕೆ ವರದಿ ಒಪ್ಪಿಸುತ್ತೇನೆ. ವೈವಾ ಏಪ್ರಿಲ್ ಕೊನೆಯ ವಾರ ಇರುವುದರಿಂದ ಅದಕ್ಕೆ ತೊಂದರೆಯಾಗದು.

ಮೂರು ವಾರ ಕೊಡಲು ವಿಭಾಗದ ನಿಯಮದಲ್ಲಿ ಆಗುವುದಿಲ್ಲ ಎಂದಾದರೆ ದಯವಿಟ್ಟು ಈ ವಾರವೇ ತಿಳಿಸಿ. ಆಗ ಶೀರ್ಷಿಕೆಯನ್ನು ದೊಡ್ಡ ತೋಟದವರಿಗೆ ಮಾತ್ರ ಸೀಮಿತಗೊಳಿಸಿ 14ಕ್ಕೇ ಕೊಡುತ್ತೇನೆ. ಅರ್ಧ ಮಾಹಿತಿಯಿಂದ ಎಲ್ಲರ ಪರವಾಗಿ ಮಾತಾಡುವುದಕ್ಕಿಂತ ಅದು ಒಳ್ಳೆಯದು. ಆದರೆ ಅವಕಾಶ ಸಿಕ್ಕಿದರೆ ಮೊದಲಿನ ವಿಷಯವನ್ನೇ ಪೂರ್ತಿ ಮಾಡುವ ಆಸೆ.

ವಿಭಾಗದ ಮುಖ್ಯಸ್ಥರಿಗೆ ಬರೆದ ಮನವಿ, ಈವರೆಗೆ ತುಂಬಿಸಿದ ಪ್ರಶ್ನಾವಳಿಗಳ ಪಟ್ಟಿ ಇದರ ಜೊತೆಗಿವೆ. ಮನವಿಗೆ ತಮ್ಮ ಶಿಫಾರಸು ಮತ್ತು ಸಹಿ ಬೇಕು. ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ತಮ್ಮನ್ನು ಬಂದು ಕಾಣುತ್ತೇನೆ.

ಇಂತಿ ತಮ್ಮ ವಿದ್ಯಾರ್ಥಿನಿ,
ಸೌಮ್ಯ ಕೆ.
ಎಂ.ಕಾಂ., ನಾಲ್ಕನೇ ಸೆಮಿಸ್ಟರ್