ಮೂರು ಗೆರೆ

ಮನೆ ಒಡತಿಯನ್ನು ಎಲ್ಲರೂ ಕರೆಯುವುದು ಬಾಯಿ ಅಂತ. ರೂಮು ನೋಡಲು ಹೋದ ದಿನ ಅವರು ಹೇಳಿದ್ದು ಇಷ್ಟೇ. "ಬಾಡಿಗೆ 2,500. ನೀರು ಬಾವಿದು. ವೈಫೈ ಫ್ರೀ." ಅದು ಕಿಟಕಿ ಹತ್ರ ಮಾತ್ರ ಸಿಗ್ತದೆ ಅಂತ ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲ, ಬಿಡಿ.

ಕಾರವಾರದ ಕೋಡಿಬಾಗದಲ್ಲಿ ಅವರದು ಹಳೆ ಮನೆ. ನನ್ನ ರೂಮು ಅದೇ ಅಂಗಳದ ಆಚೆ ಬದಿಗೆ. ಎರಡಕ್ಕೂ ಚಿರೇಕಲ್ಲಿನ ಗೋಡೆ, ಮೊಳದಷ್ಟು ದಪ್ಪ. ರೂಟರ್ ಅವರ ಹಾಲ್‌ನಲ್ಲಿ ಟಿವಿ ಪಕ್ಕ ಇತ್ತು. ಸಿಗ್ನಲ್ಲು ಅವರ ಕಿಟಕಿಯಿಂದ ಹೊರಬಿದ್ದು, ಅಂಗಳ ದಾಟಿ, ನನ್ನ ಕಿಟಕಿಯಿಂದ ಒಳಗೆ ಬರಬೇಕು. ಮಂಚದ ಮೇಲೆ ಒಂದು ಗೆರೆಯೂ ಇಲ್ಲ. ಕಿಟಕಿ ಕಟ್ಟೆಗೆ ಮೊಣಕೈ ಊರಿ ಕೂತರೆ ಎರಡು ಗೆರೆ. ಲ್ಯಾಪ್‌ಟಾಪನ್ನು ಸರಳಿಗೆ ತಾಗಿಸಿ ಇಟ್ಟರೆ ಮೂರು.

ಮಂಚವನ್ನೇ ಕಿಟಕಿಗೆ ಎಳೆದುಕೊಂಡೆ. ಅಲ್ಲಿಂದ ಶುರುವಾಯಿತು ನೋಡಿ. ಅಂಗಳದಲ್ಲಿ ಯಾರೇ ಹೋದರೂ ಮೊದಲು ಕಾಣುವುದು ನನ್ನ ಮುಖ. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸು ನನ್ನ ಕಿಟಕಿಯ ಕೆಳಗೇ ಬುಟ್ಟಿ ಇಳಿಸಿ, "ತಮಾ, ಬಾಯಿನ್ನ ಕರಿ, ತಾಜಾ ಬಂಗಡೆ ಅದೆ" ಅನ್ನುತ್ತಿದ್ದಳು. ನಾನು ಸಿದ್ದಾಪುರ ಕಡೆಯ ಭಟ್ಟರ ಹುಡುಗ. ಮೂರನೇ ಸೆಮಿಸ್ಟರ್ ಮುಗಿಯುವುದರೊಳಗೆ ಬಂಗಡೆ ಯಾವುದು, ತಾರ್ಲೆ ಯಾವುದು ಅಂತ ದೂರದಿಂದಲೇ ಗೊತ್ತಾಗತೊಡಗಿತು. ಊರಲ್ಲಿ ಇದನ್ನು ಹೇಳಿಲ್ಲ.

ಆಮೇಲೆ ಮಳೆಗಾಲ ಬಂತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ. ಬಾಯಿಯ ಮೈದುನ ಬೋಟನ್ನು ಬೈತಕೋಲ ಬಂದರಿನಲ್ಲಿ ಕಟ್ಟಿ ಮನೆಗೆ ಬಂದ. ಸುಮ್ನೆ ಕೂರುವ ಜನ ಅಲ್ಲ. ಎರಡನೇ ದಿನಕ್ಕೇ ಏಣಿ ಇಟ್ಟು, ಎರಚಲು ಹೊಡೆಯಬಾರದೆಂದು ಹಾಲ್ ಕಿಟಕಿಗೆ ಪೂರ್ತಿ ತಗಡು ಬಡಿದ. ಕೊನೆ ಮೊಳೆ ಹೊಡೆಯುವಾಗ ನನ್ನ ಮೂರು ಗೆರೆಯೂ ಹೋಯಿತು.

"ಬಾಯಿ, ಆ ತಗಡು ತೆಗೀಲಿಕ್ಕೆ ಆಗ್ತದಾ?"

"ಯಾಕೆ?"

"ನಂಗೆ ಇಂಟರ್ನೆಟ್ ಬರ್ತಾ ಇಲ್ಲ."

ಅವರು ತಗಡನ್ನು ನೋಡಿದರು. ನನ್ನನ್ನು ನೋಡಿದರು. "ಇಂಟರ್ನೆಟ್ ಕಿಟಕಿಯಿಂದ ಬರ್ತದಾ ತಮಾ? ವೈರಿಂದ ಬರ್ತದೆ. ವೈರು ಅಲ್ಲೇ ಅದೆ."

ಏನು ಹೇಳುವುದು? ತಗಡು ಕಬ್ಬಿಣ, ಅಲೆ ಅದನ್ನು ದಾಟೋದಿಲ್ಲ ಅಂದೆ. ಮೈದುನ ಏಣಿ ಮೇಲಿಂದಲೇ, "ಅಲೆ ತಡೀಲಿಕ್ಕೇ ಹಾಕಿದ್ದು ಮಾರಾಯ" ಅಂದ.

ನಾಲ್ಕು ದಿನ ಮೊಬೈಲ್ ಡಾಟಾದಲ್ಲಿ ಕಳೆದೆ. "ಫ್ರೀ ವೈಫೈ ಇದ್ದು ಅಂದ್ಯಲಾ, ಮತ್ತೆ ರೀಚಾರ್ಜ್ ಎಂತಕ್ಕೆ?" ಅಂತ ಅಪ್ಪ ಫೋನಿನಲ್ಲಿ ಕೇಳಿದ. ಐದನೇ ದಿನ ಸಂಕೋಚ ಬಿಟ್ಟು, ಬರುವ ಶನಿವಾರ ನನಗೆ ಕೆಲಸದ ಇಂಟರ್ವ್ಯೂ ಇದೆ, ಅದೂ ಆನ್‌ಲೈನ್ ಅಂತ ಬಾಯಿಗೆ ಹೇಳಿದೆ. ಅವರು ಮಾತೇ ಆಡಲಿಲ್ಲ. ಸಂಜೆ ನೋಡಿದರೆ ರೂಟರ್ ಅಡುಗೆಮನೆ ಕಿಟಕಿಯಲ್ಲಿ, ಉಪ್ಪಿನ ಡಬ್ಬಿ ಮತ್ತು ಮುರುಗಲು ಸಿಪ್ಪೆಯ ಭರಣಿಯ ನಡುವೆ ಕೂತಿತ್ತು. ಆ ಕಿಟಕಿಗೆ ತಗಡಿರಲಿಲ್ಲ. ಹೊಗೆ ಹೋಗಬೇಕಲ್ವಾ?

ಮೂರು ಗೆರೆ ವಾಪಸು ಬಂದವು. ಆದರೆ ಈಗ ಬಾಯಿಯ ಹಾಲ್‌ನಲ್ಲಿ ಒಂದೂ ಇಲ್ಲ. ಅವರ ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಆ ವೈಫೈ ಹಾಕಿಸಿದ್ದೇ ಅವನ ವಿಡಿಯೋ ಕಾಲ್‌ಗೆ. ಅವನಿಗೆ ನೆಟ್ ಸಿಕ್ಕಾಗ ಕಾಲ್, ಹೊತ್ತು ಗೊತ್ತು ಇಲ್ಲ. ಬಾಯಿ ಈಗ ಅಡುಗೆಮನೆ ಕಿಟಕಿಗೆ ಬಂದು, ಫೋನನ್ನು ಭರಣಿಗೆ ಒರಗಿಸಿ ನಿಲ್ಲುತ್ತಿದ್ದರು. ಆ ಕಿಟಕಿಯಲ್ಲಿ ಅವರು, ಈ ಕಿಟಕಿಯಲ್ಲಿ ನಾನು. ನಡುವೆ ಮಳೆ.

ಶನಿವಾರ ಮಧ್ಯಾಹ್ನ ಒಂದೂವರೆಗೆ ಇಂಟರ್ವ್ಯೂ ಶುರುವಾಯಿತು. ಮೇಲೆ ಇಸ್ತ್ರಿ ಶರ್ಟು, ಕೆಳಗೆ ಲುಂಗಿ. ಪರದೆಯಲ್ಲಿ ಕನ್ನಡಕದ ಒಬ್ಬರು, ಬರೀ ಇಂಗ್ಲಿಷು, ನಗುವೇ ಇಲ್ಲ. ಮೂರನೇ ಪ್ರಶ್ನೆಗೆ ನಾನು ತಡವರಿಸಿದೆ. ಉತ್ತರ ನಾಲಿಗೆ ತುದಿಯಲ್ಲಿತ್ತು, ಬರಲಿಲ್ಲ. ಅವರು ಕಾದರು. ಮಳೆಯೂ ಅದೇ ಹೊತ್ತಿಗೆ ನಿಂತಿತು.

ಆ ನಿಶ್ಶಬ್ದದಲ್ಲಿ ಎದುರು ಕಿಟಕಿಯಿಂದ ಬಾಯಿಯ ದನಿ, ಹಡಗಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ:

"ಜೆವ್ಲೋ ರೇ?"

ಊಟ ಆಯ್ತೇನೋ ಅಂತ. ನಾನು ಮ್ಯೂಟ್ ಒತ್ತಲು ಹೋಗಿ ಕ್ಯಾಮೆರಾ ಆಫ್ ಮಾಡಿದೆ. ಮತ್ತೆ ಆನ್ ಮಾಡಿದಾಗ ಕನ್ನಡಕದವರು ಕುರ್ಚಿಗೆ ಒರಗಿ ಕೂತಿದ್ದರು.

"ಜೆವ್ಲೋ" ಅಂದರು. ಆಮೇಲೆ ಕನ್ನಡದಲ್ಲಿ, "ಕಾರವಾರದಲ್ಲಿ ಎಲ್ಲಿ ನೀವು?"

"ಕೋಡಿಬಾಗ, ಸರ್" ಅಂದೆ. "ಕಿಟಕಿ ಹತ್ರ."