ವಿಷಯ: ಪ್ರೂಫ್ ಮತ್ತು ಪೇಜ್ ಸೆಟ್ಟಿಂಗ್ ಕೆಲಸದ ನಿಮ್ಮ ಅರ್ಜಿಗೆ ನಮ್ಮ ಉತ್ತರ

ಶ್ರೀಲತಾ ಅವರೇ, ನಮಸ್ಕಾರ.

ಶುಕ್ರವಾರ ಸಂಜೆಯೊಳಗೆ ತಿಳಿಸುತ್ತೇನೆ ಎಂದಿದ್ದೆ. ಮುಖ್ಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ನಿಮ್ಮನ್ನು ಆಯ್ಕೆ ಮಾಡಿಲ್ಲ. ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ. ಅವರೂ ಒಪ್ಪಿದ್ದಾರೆ, ಆಗಸ್ಟ್ 1ರಿಂದ ಬರುತ್ತಾರೆ.

ಇದನ್ನು ಓದಿ ನಿಮಗೆ ಬೇಸರ ಆಗುತ್ತದೆ ಎಂದು ಗೊತ್ತು. ಈ ಮಳೆಯಲ್ಲಿ ಕುಂದಾಪುರದಿಂದ ಮೂರು ದಿನ ಬಸ್ಸಿನಲ್ಲಿ ಬಂದಿರಿ. ಒಂದು ದಿನ ಸಂದರ್ಶನಕ್ಕೆ, ಎರಡು ದಿನ ಕೆಲಸ ಮಾಡಿ ತೋರಿಸಲಿಕ್ಕೆ. ಸೋಮವಾರ ಸೀರೆಯ ಅಂಚು ಪೂರ್ತಿ ಒದ್ದೆಯಾಗಿದ್ದರೂ ಬಂದು ಕೂತ ಕೂಡಲೇ ಕೆಂಪು ಪೆನ್ನು ಕೇಳಿದಿರಿ. ಅಷ್ಟು ಶ್ರಮ ಪಟ್ಟವರಿಗೆ ಎರಡು ಸಾಲಿನ ಉತ್ತರ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ತಕ್ಷಣ “ಪರವಾಗಿಲ್ಲ ಮೇಡಂ” ಅನ್ನಬೇಕಾಗುತ್ತಿತ್ತು. ನಿಮ್ಮ ಬೇಸರದ ಹೊತ್ತಿನಲ್ಲಿ ನನ್ನನ್ನು ಸಮಾಧಾನ ಮಾಡುವ ಕೆಲಸ ನಿಮ್ಮ ಮೇಲೆ ಬೀಳುವುದು ಬೇಡ. ಹಾಗಾಗಿ ಬರೆಯುತ್ತಿದ್ದೇನೆ. ಬೇಕಾದಾಗ ಓದಿ.

ಹೊರಡುವಾಗ ಬಾಗಿಲ ಹತ್ತಿರ ನಿಂತು, “ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಹೇಳಿ ಮೇಡಂ, ಸುಮ್ನೆ ಬಿಡಬೇಡಿ” ಎಂದಿದ್ದಿರಿ. ಹೇಳುತ್ತೇನೆ.

ಮೊದಲ ದಿನ ನಿಮಗೆ ಕೊಟ್ಟದ್ದು 16 ಪುಟ. ಬ್ರಹ್ಮಕಲಶದ ಸ್ಮರಣ ಸಂಚಿಕೆ ಹೇಗಿರುತ್ತದೋ ಹಾಗೇ ನಾನು ತಯಾರು ಮಾಡಿದ್ದು. ಅದರಲ್ಲಿ ಬೇಕೆಂದೇ ಕೆಲವು ತಪ್ಪು ಸೇರಿಸಿದ್ದೆ. ನೀವು ಒಂದನ್ನೂ ಬಿಡಲಿಲ್ಲ. ನಾನು ಸೇರಿಸದೇ ನುಸುಳಿದ್ದ ತಪ್ಪನ್ನೂ ಹಿಡಿದಿರಿ. 3ನೇ ಪುಟದಲ್ಲಿ ‘ಹಿರಿಯಡಕ’, 11ನೇ ಪುಟದಲ್ಲಿ ‘ಹಿರಿಯಡ್ಕ’ ಎಂದಿತ್ತು. ನೀವು ಎರಡಕ್ಕೂ ಸುತ್ತು ಹಾಕಿ, ಅಂಚಿನಲ್ಲಿ “ಎರಡೂ ಬಳಕೆಯಲ್ಲಿದೆ, ಒಂದೇ ಇರಲಿ” ಎಂದು ಬರೆದಿದ್ದಿರಿ. ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ದಾನಿಗಳ ಪಟ್ಟಿಯಲ್ಲಿ ಒಂದು ಕಡೆ ‘ಶೆಟ್ಟಿಗಾರ್’ ಎಂಬುದು ‘ಶೆಟ್ಟಿ’ ಎಂದಾಗಿತ್ತು. ಬೇರೆ ಊರಿನವರಿಗೆ ಅದು ಎರಡಕ್ಷರ ಬಿಟ್ಟುಹೋದ ಸಣ್ಣ ತಪ್ಪು. ನಮ್ಮ ಊರಲ್ಲಿ ಹಾಗಲ್ಲ ಅಲ್ವಾ? ಅದು ಬೇರೆಯೇ ಮನೆತನ, ಬೇರೆಯೇ ಸಮುದಾಯ. ಸಂಚಿಕೆ ಅಚ್ಚಾಗಿ ಬಂದ ಮೇಲೆ ಆ ಮನೆಯವರ ಮುಖ ನೋಡುವುದು ಕಷ್ಟ. ನೀವು ಎರಡು ಸಾಲು ಮೇಲಿದ್ದ ತಮ್ಮನ ಹೆಸರು ನೋಡಿ ಅದನ್ನು ಹಿಡಿದಿರಿ. ಇನ್ನೊಂದು ಲೇಖನದಲ್ಲಿ ಅಜ್ಜಿಯೊಬ್ಬರ ಮಾತಿನಲ್ಲಿ ‘ಹೋಯ್ಕ್’ ಎಂದಿತ್ತು. ಅದನ್ನು ‘ಹೋಗಬೇಕು’ ಎಂದು ತಿದ್ದಲು ಹೋಗಲಿಲ್ಲ. ಅಜ್ಜಿಯ ಮಾತನ್ನು ಅಜ್ಜಿಗೇ ಬಿಟ್ಟಿರಿ. ತಿದ್ದುವುದು ಕಲಿಸಬಹುದು, ತಿದ್ದದೇ ಬಿಡುವುದು ಎಲ್ಲಿ ಎಂಬುದು ಅಷ್ಟು ಸುಲಭವಾಗಿ ಬರುವುದಿಲ್ಲ. ನಿಮಗೆ ಅದು ಬಂದಿದೆ.

ಹಾಗಾದರೆ ಯಾಕೆ ಬೇಡ ಅಂದಿರಿ ಎಂದು ಕೇಳುತ್ತೀರಿ. ಕಾರಣ ಎರಡನೇ ದಿನದ ಕೆಲಸದಲ್ಲಿದೆ.

ಈ ಹುದ್ದೆಯಲ್ಲಿ ಅರ್ಧ ಪ್ರೂಫ್, ಅರ್ಧ ಪೇಜ್ ಸೆಟ್ಟಿಂಗ್. ಅದೇ 16 ಪುಟಗಳನ್ನು ಪುಟ ಕಟ್ಟಿ ಸಂಜೆ 5ರೊಳಗೆ ಕೊಡಬೇಕಿತ್ತು. ನಿಮ್ಮದು 7 ಪುಟ ಆಯಿತು. ಬೆಳಗ್ಗಿನ ಹೊತ್ತು ಪೂರ್ತಿ ಅಕ್ಷರ ಸರಿಪಡಿಸುವುದರಲ್ಲೇ ಹೋಯಿತು. ಈಗ ಲೇಖನಗಳೆಲ್ಲ ವಾಟ್ಸಾಪ್‌ನಲ್ಲಿ ಯುನಿಕೋಡ್‌ನಲ್ಲೇ ಬರುತ್ತವೆ. ನಮ್ಮಲ್ಲಿ ಇನ್ನೂ ಪೇಜ್‌ಮೇಕರ್ ಇದೆ, ಅದಕ್ಕೆ ಯುನಿಕೋಡ್ ಆಗುವುದಿಲ್ಲ. ಹಾಗಾಗಿ ನುಡಿಯ ಹಳೇ ಅಕ್ಷರಕ್ಕೆ ಬದಲಿಸಿಕೊಳ್ಳಬೇಕು. ನೀವು ಇಡೀ ಲೇಖನವನ್ನು ಒಂದೇ ಸಲ ಬದಲಿಸಿ ಪುಟಕ್ಕೆ ಹಾಕಿದಿರಿ. ನಡುವೆ ಇದ್ದ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸಕ್ಕೂ ನುಡಿ ಫಾಂಟ್ ಬಿದ್ದು, ಅವೆಲ್ಲ ಅರ್ಥವಿಲ್ಲದ ಅಕ್ಷರಗಳಾದವು. ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿತು. ಅದನ್ನೆಲ್ಲ ನೀವು ಒಂದೊಂದಾಗಿ ಕೈಯಲ್ಲೇ ತಿದ್ದುತ್ತಾ ಕೂತಿರಿ. ತಿದ್ದಿದ್ದು ಸರಿಯಾಗಿಯೇ ಇತ್ತು. ಆದರೆ ಊಟದ ಹೊತ್ತಿಗೆ ಎರಡು ಪುಟವೂ ಆಗಿರಲಿಲ್ಲ.

ಇಂಗ್ಲಿಷ್ ಇರುವ ಕಡೆಗೆಲ್ಲ ಮೊದಲೇ ಒಂದು ಗುರುತು ಹಾಕಿಕೊಂಡು, ಬದಲಿಸಿದ ಮೇಲೆ ಅಷ್ಟಕ್ಕೆ ಮಾತ್ರ ಫಾಂಟ್ ಬೇರೆ ಮಾಡಿದರೆ ಈ ತಾಪತ್ರಯ ಇಲ್ಲ. ಕಾರಣ ಕೇಳಿದ್ದೀರಿ ಎಂದು ಇದನ್ನೂ ಬರೆದೆ. ಬೇರೆ ಕಡೆ ಇಂಥದೇ ಕೆಲಸ ಸಿಕ್ಕರೆ ಉಪಯೋಗಕ್ಕೆ ಬರಬಹುದು.

“ಮೂರು ತಿಂಗಳು ಕೊಡಿ, ಕಲಿತುಬಿಡುತ್ತೇನೆ” ಎಂದು ನೀವು ಹೇಳಿದ್ದು ನೆನಪಿದೆ. ನೀವು ಕಲಿಯುತ್ತೀರಿ, ಅದರಲ್ಲಿ ನನಗೆ ಸಂಶಯ ಇಲ್ಲ. ಆ ಮೂರು ತಿಂಗಳು ಕೊಡಲು ನಮ್ಮಿಂದ ಆಗುವುದಿಲ್ಲ. ಆಟಿ ತಿಂಗಳಲ್ಲಿ ಮದುವೆ, ಗೃಹಪ್ರವೇಶ ಇರುವುದಿಲ್ಲ, ಪ್ರೆಸ್ಸಿನಲ್ಲಿ ಸ್ವಲ್ಪ ಉಸಿರು ಬಿಡಬಹುದು. ಅದಕ್ಕೇ ಈಗ ಜನ ಹುಡುಕಿದ್ದು. ಚೌತಿ, ನವರಾತ್ರಿ ಬಂತೆಂದರೆ ಆಮಂತ್ರಣಗಳು ಶುರು. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟ ಮೇಲೆ ಮೇ ತನಕ ಬಿಡುವಿಲ್ಲ. ನಮ್ಮ ವಿಭಾಗದಲ್ಲಿ ಇರುವುದು ಇಬ್ಬರೇ. ಒಬ್ಬರು ಕಲಿಸಲು ಕೂತರೆ ಇನ್ನೊಬ್ಬರ ಮೇಲೆ ಎಲ್ಲ ಬೀಳುತ್ತದೆ. ಈ ಬಗ್ಗೆ ನಾವು ಇಬ್ಬರೂ ಕೂತು ಮಾತಾಡಿಯೇ ತೀರ್ಮಾನ ಮಾಡಿದ್ದು. ಮತ್ತೆ ಬದಲಾಗುವುದಿಲ್ಲ.

ಕಾರಣ ಅಲ್ಲದ್ದನ್ನೂ ಹೇಳಬೇಕು. ಇಲ್ಲದಿದ್ದರೆ ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ಸುತ್ತುತ್ತದೆ. ಮಗಳಿಗಾಗಿ ಆರು ವರ್ಷ ಕೆಲಸ ಬಿಟ್ಟದ್ದು ಕಾರಣ ಅಲ್ಲ. ಕುಂದಾಪುರದಿಂದ ಓಡಾಡಬೇಕು ಎಂಬುದು ಅಲ್ಲ. ನಿಮ್ಮ ಕುಂದಾಪ್ರ ಕನ್ನಡಕ್ಕೆ ನೀವು ಎರಡು ಸಲ ಕ್ಷಮೆ ಕೇಳಿದಿರಿ, ಅದಂತೂ ಖಂಡಿತ ಅಲ್ಲ. ಇನ್ನು ಯಾವ ಸಂದರ್ಶನದಲ್ಲೂ ಅದಕ್ಕೆ ಕ್ಷಮೆ ಕೇಳಬೇಡಿ. ಸಂಬಳ ಎಷ್ಟು ಎಂದು ನೇರವಾಗಿ ಕೇಳಿದ್ದು ತಪ್ಪಾಯಿತೇನೋ ಎಂದು ಅನಿಸಿದ್ದರೆ, ಅದೂ ಇಲ್ಲ. ಕೇಳಬೇಕಾದದ್ದನ್ನೇ ಕೇಳಿದಿರಿ.

ಊರಿನ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಕರೆದಿದ್ದಾರೆ, ಈ ವಾರ ಉತ್ತರ ಕೊಡಬೇಕು ಎಂದಿದ್ದಿರಿ. ದಯವಿಟ್ಟು ನಮ್ಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೇ ಅವರಿಗೆ ಉತ್ತರ ಕೊಡಿ. ನಮ್ಮಲ್ಲಿ ವೇಟಿಂಗ್ ಲಿಸ್ಟ್ ಇಲ್ಲ. “ಮುಂದೆ ನೋಡೋಣ” ಎಂದು ನಾನು ಬರೆಯುವುದಿಲ್ಲ. ಬರೀ ಪ್ರೂಫ್ ನೋಡುವ ಹುದ್ದೆ ನಮ್ಮಲ್ಲಿಲ್ಲ, ಮಾಡುವ ಯೋಚನೆಯೂ ಇಲ್ಲ. ನಿಮ್ಮ ಕೆಲಸ ಇಷ್ಟೆಲ್ಲ ಹೊಗಳಿದ್ದನ್ನು ಓದಿ ಎಲ್ಲೋ ಒಂದು ಬಾಗಿಲು ತೆರೆದಿದೆ ಎಂದು ಅನಿಸಬಾರದು. ಹೊಗಳಿದ್ದು ನಿಜ, ಇಲ್ಲ ಎಂದಿದ್ದೂ ನಿಜ.

ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅನುಭವ ಇದೆ. ಕೆಲಸ ಹುಡುಕುತ್ತಿದ್ದ ಹೊಸದರಲ್ಲಿ ಒಂದು ಕಡೆ ಸಂದರ್ಶನ ಚೆನ್ನಾಗಿ ಆಗಿತ್ತು. “ತಿಳಿಸುತ್ತೇವೆ” ಎಂದರು. ಮನೆಯಲ್ಲಿ ಲ್ಯಾಂಡ್‌ಲೈನ್ ಬಡಿದಾಗಲೆಲ್ಲ ಓಡುತ್ತಿದ್ದೆ. ಆ ಆಸೆಯಲ್ಲಿ ಕೈಗೆ ಬಂದಿದ್ದ ಇನ್ನೊಂದು ಕೆಲಸಕ್ಕೆ ಬೇಡ ಎಂದೆ. ಮೂರು ತಿಂಗಳು ಕಳೆದ ಮೇಲೆ, ಅಲ್ಲಿ ಯಾವತ್ತೋ ಬೇರೆಯವರು ಸೇರಿದ್ದಾರೆ ಎಂದು ಮತ್ಯಾರಿಂದಲೋ ಗೊತ್ತಾಯಿತು. ಸಿಗದಿದ್ದಕ್ಕಿಂತ ಆ ಮೂರು ತಿಂಗಳು ಜಾಸ್ತಿ ನೋವು ಕೊಟ್ಟಿತು. ನಿಮಗೆ ಹಾಗಾಗಬಾರದು.

ಇನ್ನು ಕೆಲವು ವ್ಯವಹಾರದ ವಿಷಯ.

ಎರಡು ದಿನ ನೀವು ಮಾಡಿದ್ದು ಕೆಲಸವೇ. ಅದಕ್ಕೆ 1,600 ರೂಪಾಯಿ, ಮೂರು ದಿನದ ಬಸ್ ಚಾರ್ಜಿಗೆ 450, ಒಟ್ಟು 2,050 ರೂಪಾಯಿ ನಿಮ್ಮ ಗೂಗಲ್ ಪೇ ನಂಬರಿಗೆ ಇವತ್ತು ಮಧ್ಯಾಹ್ನ ಹಾಕಿದ್ದೇನೆ. ಸರ್ಟಿಫಿಕೇಟಿನ ಜೆರಾಕ್ಸ್ ಪ್ರತಿಗಳನ್ನು ಹರಿದು ಹಾಕಿದ್ದೇವೆ. ಆಧಾರ್ ಪ್ರತಿಯೂ ಅದರಲ್ಲಿ ಸೇರಿದೆ.

ನೀವು ಕೆಂಪು ಪೆನ್ನಿನಲ್ಲಿ ತಿದ್ದಿದ 16 ಪುಟಗಳನ್ನು ಸ್ಕ್ಯಾನ್ ಮಾಡಿ ಇದರ ಜೊತೆ ಕಳಿಸಿದ್ದೇನೆ. ಅದರಲ್ಲಿರುವ ಹೆಸರುಗಳೆಲ್ಲ ನಾನೇ ಕಟ್ಟಿದವು, ಹಾಗಾಗಿ ಯಾರಿಗೆ ತೋರಿಸಿದರೂ ತೊಂದರೆ ಇಲ್ಲ. ಪ್ರೂಫ್ ಕೆಲಸಕ್ಕೆ ಬೇರೆ ಕಡೆ ಅರ್ಜಿ ಹಾಕುವುದಾದರೆ ಇದನ್ನೂ ಲಗತ್ತಿಸಿ. ನನ್ನ ಹೆಸರು, ನಂಬರ್ ಕೊಡಿ. ಅವರು ಫೋನ್ ಮಾಡಿದರೆ ಇಲ್ಲಿ ಮೇಲೆ ಬರೆದಿರುವುದನ್ನೇ ಹೇಳುತ್ತೇನೆ, ಹಿರಿಯಡ್ಕದ ಕಥೆಯನ್ನೂ ಹೇಳುತ್ತೇನೆ.

ಮಂಗಳವಾರ ನಿಮ್ಮ ಕೊಡೆ ಇಲ್ಲೇ ಉಳಿದಿತ್ತು, ನೀಲಿ ಹೂವಿನದ್ದು. ಅದಕ್ಕಾಗಿ ಮತ್ತೆ ಇಲ್ಲಿಯವರೆಗೆ ಬರುವುದು ಬೇಡ. ನಮ್ಮ ಬೈಂಡಿಂಗ್ ವಿಭಾಗದ ಹುಡುಗ ದಿನಾ ಕುಂದಾಪುರದಿಂದಲೇ ಬರುವವನು. ಅವನ ಕೈಯಲ್ಲಿ ಕೊಟ್ಟಿದ್ದೇನೆ. ನಾಳೆ ಬೆಳಿಗ್ಗೆ ನಿಮಗೆ ಫೋನ್ ಮಾಡಿ, ಶಾಸ್ತ್ರಿ ಸರ್ಕಲ್ ಹತ್ತಿರ ಎಲ್ಲಿ ಅನುಕೂಲವೋ ಅಲ್ಲಿ ತಂದುಕೊಡುತ್ತಾನೆ. ಅವನಿಗೆ ಕೊಡೆಯ ವಿಷಯ ಬಿಟ್ಟು ಬೇರೇನೂ ಹೇಳಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯಲೇಬೇಕೆಂದಿಲ್ಲ. ಹಣ ಬಂದಿರದಿದ್ದರೆ ಮಾತ್ರ ಒಂದು ಮೆಸೇಜ್ ಹಾಕಿ.

ಪ್ರೀತಿಯಿಂದ,
ಸುಮಂಗಲಾ
ಪ್ರೂಫ್ ಮತ್ತು ಪೇಜ್ ಸೆಟ್ಟಿಂಗ್ ವಿಭಾಗ
ಉಡುಪಿ